ಮಾವನ ಮಗನ ಜತೆ ಮದುವೆ: ಮೊದಲು ಯಾವ ಟೆಸ್ಟ್?

"ವಿರಾಜಪೇಟೆ ಹತ್ತಿರ ನಮ್ಮೂರು. ನನಗೆ 25. ಅಮ್ಮನ ಅಣ್ಣನ ಮಗನನ್ನು ಮದುವೆಯಾಗಲು ನನಗೂ ಇಷ್ಟ, ಅವರಿಗೂ ಇಷ್ಟ. ಹುತ್ತರಿ ಕಳೆದ ಮೇಲೆ ಮಾತುಕತೆ. ಆದರೆ ಅವರ ತಂಗಿಗೆ ಥಲಸ್ಸೀಮಿಯಾ, ಮೂರು ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ರಕ್ತ ಹಾಕಿಸುತ್ತಾರೆ. ನಮ್ಮಿಬ್ಬರ ಬ್ಲಡ್ ಗ್ರೂಪ್ ಬೇರೆ, ಮಕ್ಕಳಿಗೆ ಏನೂ ಆಗಲ್ಲ ಅಂತಾರೆ ಅಜ್ಜಿ. ನಿಜವಾ?"
— ಹೆಸರು ಬೇಡ

ಅಜ್ಜಿಯ ಮಾತನ್ನು ಅರ್ಧ ಕೊಡಗೇ ನಂಬುತ್ತದೆ ಬಿಡಿ, ಆದರೆ ಬ್ಲಡ್ ಗ್ರೂಪಿಗೂ ಥಲಸ್ಸೀಮಿಯಾಗೂ ಸಂಬಂಧವೇ ಇಲ್ಲ. ಗ್ರೂಪ್ ಬೇರೆ ಇದ್ದೂ ಇಬ್ಬರಲ್ಲೂ ಥಲಸ್ಸೀಮಿಯಾ ತರುವ ಜೀನ್ ಇರಬಹುದು.

ಈ ಕಾಯಿಲೆ ಬರಲು ಮಗುವಿಗೆ ಕೆಟ್ಟ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಸಿಗಬೇಕು. ಒಂದೇ ಇದ್ದವರು ವಾಹಕರು. ಅವರು ಆರಾಮಾಗಿ ತೋಟದ ಕೆಲಸ ಮಾಡಿಕೊಂಡಿರುತ್ತಾರೆ, ರಕ್ತ ಸ್ವಲ್ಪ ಕಡಿಮೆ ಅಂತ ಯಾರೋ ಕೊಟ್ಟ ಕಬ್ಬಿಣದ ಮಾತ್ರೆ ನುಂಗುತ್ತಿರಬಹುದು, ಅಷ್ಟೇ. ನಿಮ್ಮ ಮಾವನ ಮಗಳಿಗೆ ಕಾಯಿಲೆ ಇದೆ ಅಂದರೆ ಮಾವ, ಅತ್ತೆ ಇಬ್ಬರೂ ವಾಹಕರು. ಹಾಗಾದರೆ ಕಾಯಿಲೆ ಇಲ್ಲದ ಅವರ ಮಗ ವಾಹಕ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ನಿಮ್ಮ ಕಡೆ ನೋಡೋಣ. ಮಾವನಿಗೆ ಆ ಜೀನ್ ಬಂದದ್ದು ಸಾಮಾನ್ಯವಾಗಿ ಅಜ್ಜ ಅಥವಾ ಅಜ್ಜಿಯಿಂದ, ಅದೇ ಮನೆಯಲ್ಲಿ ಹುಟ್ಟಿದ ನಿಮ್ಮ ಅಮ್ಮನಿಗೂ ಬಂದಿರುವ ಸಾಧ್ಯತೆ ಅರ್ಧ, ಅಮ್ಮನಿಂದ ನಿಮಗೆ ಅದರಲ್ಲಿ ಅರ್ಧ, ಅಂದರೆ ನಾಲ್ಕರಲ್ಲಿ ಒಂದು. ನೀವಿಬ್ಬರೂ ವಾಹಕರಾಗಿರುವ ಸಾಧ್ಯತೆ ಆರರಲ್ಲಿ ಒಂದು, ಮಗುವಿಗೆ ಕಾಯಿಲೆ ಬರುವುದು 24ರಲ್ಲಿ ಒಂದು.

ಆದರೆ ಈ 24ರ ಲೆಕ್ಕ ಟೆಸ್ಟ್ ಮಾಡಿಸುವವರೆಗೆ ಮಾತ್ರ. ಮಾಡಿಸಿದ ಮೇಲೆ ಉತ್ತರ ಎರಡೇ. ನಿಮ್ಮಲ್ಲಿ ಒಬ್ಬರು ವಾಹಕರಲ್ಲ ಅಂತಾದರೆ ಥಲಸ್ಸೀಮಿಯಾ ಚಿಂತೆ ಬಹುತೇಕ ಮುಗಿಯಿತು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು.

ಟೆಸ್ಟ್ ಕಷ್ಟದ್ದಲ್ಲ. ಮೊದಲು ಸಿಬಿಸಿ, ಅಂದರೆ ರಕ್ತಕಣಗಳ ಲೆಕ್ಕ. ಅದರಲ್ಲಿ ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 80ಕ್ಕಿಂತ ಕಡಿಮೆ, ಒಂದು ಕಣದಲ್ಲಿ ಎಷ್ಟು ಹಿಮೋಗ್ಲೋಬಿನ್ ಇದೆ ಅಂತ ಹೇಳುವ ಎಂಸಿಎಚ್ 27ಕ್ಕಿಂತ ಕಡಿಮೆ ಇದ್ದರೆ ಅನುಮಾನ. ಜತೆಗೇ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರೆ ಬೇರೆಯಾಗಿ ಅಳೆಯುವ ಎಚ್‌ಪಿಎಲ್‌ಸಿ ಮಾಡಿಸಿ, ಸ್ಯಾಂಪಲನ್ನು ಲ್ಯಾಬಿನವರೇ ದೊಡ್ಡ ಊರಿಗೆ ಕಳಿಸುತ್ತಾರೆ. ಅದರಲ್ಲಿ ಹಿಮೋಗ್ಲೋಬಿನ್ ಎ2 ಶೇಕಡಾ 3.5ಕ್ಕಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ ವಾಹಕರು ಅಂತ. ಎಡವುವುದು ಇಲ್ಲಿಯೇ. ಮೈಯಲ್ಲಿ ಕಬ್ಬಿಣ ತೀರಾ ಕಡಿಮೆ ಇದ್ದರೆ ಎ2 ಕೂಡ ತಗ್ಗಿ, ವಾಹಕರಿಗೂ ನಾರ್ಮಲ್ ಅಂತ ರಿಪೋರ್ಟ್ ಬರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಹಾಗಾಗಿ ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರಿಸುವ ಫೆರಿಟಿನ್ ಕೂಡ ನೋಡಿಸಿ. ಎ2 3.5ರ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ "ಪರವಾಗಿಲ್ಲ" ಅಂದವರ ಮಾತು ಕೇಳಬೇಡಿ, ಡಿಎನ್‌ಎ ಟೆಸ್ಟ್ ಕೇಳಿ.

ಆಮೇಲೆ ಜೆನೆಟಿಕ್ ಕೌನ್ಸೆಲರ್. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಸಿಗುತ್ತಾರೆ. ಇಬ್ಬರೂ ಒಟ್ಟಿಗೆ ಹೋಗಿ. ಅವರು ಮೊದಲು ಕಾಗದದ ಮೇಲೆ ವಂಶವೃಕ್ಷ ಬರೆಯುತ್ತಾರೆ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು, ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. ನಿಮ್ಮ ಹಾಳೆಯಲ್ಲಿ ಆ ಜೋಡಿ ಗೆರೆ ಬರುತ್ತದೆ. ಹೊರಡುವ ಮೊದಲು ಅಜ್ಜಿಯ ಹತ್ತಿರ ಕೂತು ಎಳೆಯದರಲ್ಲೇ ಹೋದ ಕೂಸುಗಳು, ಹುಟ್ಟಾ ಕಿವಿ ಕೇಳದವರು, ಫಿಟ್ಸ್ ಇದ್ದವರು ಯಾರಿದ್ದರು ಅಂತ ಕೇಳಿ. ನಮ್ಮ ಮನೆಗಳಲ್ಲಿ ಇಂಥವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಲ್ವಾ? ಆದರೆ ಬೇಕಾಗಿರುವುದು ಅದೇ.

ಯಾಕೆಂದರೆ ಥಲಸ್ಸೀಮಿಯಾ ಒಂದೇ ಅಲ್ಲ. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಅಂದರೆ ಎಂಟರಲ್ಲಿ ಒಂದು ಪಾಲು ಜೀನ್ ಒಂದೇ ಮೂಲದ್ದು. ಯಾವುದೇ ಮಗುವಿಗೂ ಹುಟ್ಟು ದೋಷ ಇರುವ ಸಾಧ್ಯತೆ ಶೇಕಡಾ 2ರಿಂದ 3, ನಿಮ್ಮಂಥ ಜೋಡಿಯಲ್ಲಿ ಸುಮಾರು 4ರಿಂದ 6. ಅಂದರೆ ನೂರರಲ್ಲಿ ಸುಮಾರು 94ರಿಂದ 96 ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಇದನ್ನು ಕೇಳಿ ಮಾವನ ಮಗನನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ನೂರಾರು ಜೀನ್ ನೋಡುವ ದೊಡ್ಡ ಟೆಸ್ಟೂ ಇದೆ, ಆದರೆ ಎಲ್ಲ ಸರಿ ಇದೆ ಅನ್ನುವ ಗ್ಯಾರಂಟಿ ಅದೂ ಕೊಡುವುದಿಲ್ಲ.

ಇಬ್ಬರೂ ವಾಹಕರು ಅಂತ ಬಂದರೂ ದಾರಿ ಇದೆ. ಬಸಿರಿನ 11ರಿಂದ 13ನೇ ವಾರದಲ್ಲಿ ಮಾಸಿನ ಚೂರು ತೆಗೆದು ಮಗುವಿಗೆ ಕಾಯಿಲೆ ಇದೆಯಾ ಅಂತ ನೋಡಬಹುದು, ಮುಂದೇನು ಅನ್ನುವುದು ನಿಮ್ಮ ತೀರ್ಮಾನ. ಐವಿಎಫ್‌ನಲ್ಲಿ ಕಾಯಿಲೆ ಇಲ್ಲದ ಭ್ರೂಣ ಆರಿಸುವುದೂ ಉಂಟು, ಅದಕ್ಕೆ ಖರ್ಚು ಜಾಸ್ತಿ. ಎರಡಕ್ಕೂ ನಿಮ್ಮ ಕುಟುಂಬದಲ್ಲಿ ಯಾವ ಮ್ಯುಟೇಶನ್, ಅಂದರೆ ಜೀನಿನಲ್ಲಿ ಯಾವ ಬದಲಾವಣೆ, ಇದೆ ಅಂತ ಮೊದಲೇ ಗೊತ್ತಿರಬೇಕು, ಬಸಿರಾದ ಮೇಲೆ ಹುಡುಕಲು ಹೊರಟರೆ ವಾರಗಳು ಕೈ ಜಾರುತ್ತವೆ.

ಆ ಮ್ಯುಟೇಶನ್ ಯಾವುದು ಅಂತ ನಿಮ್ಮ ಮಾವನ ಮಗಳ ಹಳೆಯ ರಿಪೋರ್ಟಿನಲ್ಲೇ ಇರಬಹುದು. ಮಾವನ ಹತ್ತಿರ ಫೈಲ್ ಕೇಳಿ, ಜೆರಾಕ್ಸ್ ಮಾಡಿಸಿಕೊಂಡು ಅಸಲನ್ನು ಅವತ್ತೇ ವಾಪಸ್ ಕೊಡಿ. ಮುಂದಿನ ಸಲ ರಕ್ತಕ್ಕೆ ಹೋಗುವಾಗ ಆ ಹುಡುಗಿಗೆ ಅದು ಬೇಕು.