ಮಲ್ಲಿಕಾರ್ಜುನ, ಜಪಾನಿನಲ್ಲಿ ಒಂಬತ್ತು ಗುರುತು

"ಅಕ್ಕಾ ನಮಸ್ಕಾರ. ನಾನು ಮಲ್ಲಿಕಾರ್ಜುನ, ಬಾಗಲಕೋಟೆಯವನು. ಮುಂದಿನ ತಿಂಗಳು ಕೆಲಸಕ್ಕೆ ನಾಗೋಯಾಕ್ಕೆ ಬರುತ್ತಿದ್ದೇನೆ. ಮಾತಾಡಲು ಸ್ವಲ್ಪ ಕಲಿತಿದ್ದೇನೆ, ಆದರೆ ಮೂರು ಮೂರು ಲಿಪಿ ನೋಡಿ ಹೆದರಿಕೆ ಆಗಿದೆ. ಯಾವುದನ್ನು ಮೊದಲು ಕಲಿಯಲಿ? ಎರಡು ಸಾವಿರ ಚಿತ್ರ ಬಾಯಿಪಾಠ ಮಾಡಲೇಬೇಕಾ?"

ತಮ್ಮಾ, ಮೊದಲು ಕತಕಾನ ಕಲಿ. ಮೂಲ ಅಕ್ಷರ 46 ಅಷ್ಟೇ. ದಿನಕ್ಕೆ ಐದು ಬರೆದರೂ ವಿಮಾನ ಹತ್ತುವ ಮುಂಚೆ ಮುಗಿಯುತ್ತದೆ. ಹೊರದೇಶದ ಹೆಸರುಗಳನ್ನು ಇಲ್ಲಿ ಅದರಲ್ಲೇ ಬರೆಯುತ್ತಾರೆ. ಬ್ಯಾಂಕಿನ ಖಾತೆಯಲ್ಲಿ ನಿನ್ನ ಹೆಸರು ಕೂಡುವುದೂ ಅದರಲ್ಲೇ.

ಕಲಿಯುವಾಗ ಕಾಗುಣಿತ ಹುಡುಕಬೇಡ. ನಮ್ಮಲ್ಲಿ ಕ, ಕಿ, ಕು ಒಂದೇ ಮನೆಯವು. ಕ ಬಂದರೆ ಸಾಕು, ಗುಡಿಸು, ಕೊಂಬು ಹಚ್ಚಿ ಉಳಿದವನ್ನು ಓದಬಹುದು. ಬೆಳಗಾವಿಯಲ್ಲಿ ಬೆಳೆದ ನನಗೆ ಮರಾಠಿ ಬೋರ್ಡು ಓದುವುದು ಬೇಗ ಬಂದದ್ದೂ ಇದೇ ಕಾರಣಕ್ಕೆ. ದೇವನಾಗರಿಯೂ ಕಾಗುಣಿತದ ಲಿಪಿಯೇ ಅಲ್ವಾ? ಇಂಥ ಲಿಪಿಗೆ ಅಬುಗಿಡ ಎನ್ನುತ್ತಾರೆ. ಕತಕಾನ ಹಾಗಲ್ಲ, ಅದು ಸಿಲಬರಿ. ಅಲ್ಲಿ ಕ, ಕಿ, ಕು ಎಂಬ ಮೂರಕ್ಕೂ ಮೂರು ಬೇರೆ ಗುರುತು. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಆಗುವುದಿಲ್ಲ.

ನಿನ್ನ ಹೆಸರನ್ನೇ ಬರೆದು ನೋಡೋಣ. ಕನ್ನಡದಲ್ಲಿ ಐದು ಅಕ್ಷರ: ಮ, ಲ್ಲಿ, ಕಾ, ರ್ಜು, ನ. ಕತಕಾನದಲ್ಲಿ ಮೊದಲು 'ಮ'. ಒತ್ತು ಅಲ್ಲಿಲ್ಲ, ಅದರ ಬದಲು ಒಂದು ಸಣ್ಣ 'ತ್ಸು' ಬರೆದು ಮುಂದೆ 'ರಿ' ಇಡಬೇಕು. ಜಪಾನಿಯಲ್ಲಿ ಲ, ರ ಎಂಬ ಭೇದ ಇಲ್ಲ, ಎರಡಕ್ಕೂ ಒಂದೇ ಗುರುತು. ಆಮೇಲೆ 'ಕ', ಅದನ್ನು ಎಳೆಯಲು ಒಂದು ಗೆರೆ. ಈಗ ಬಂತು ಕಷ್ಟ: ರ್ಜು. 'ನ್' ಒಂದನ್ನು ಬಿಟ್ಟರೆ ಸ್ವರವಿಲ್ಲದ ವ್ಯಂಜನಕ್ಕೆ ಅಲ್ಲಿ ಅಕ್ಷರವೇ ಇಲ್ಲ. ಹಾಗಾಗಿ 'ರು' ಎಂದೇ ಬರೆಯಬೇಕು. 'ಜು'ಗೆ ಒಂದು 'ಜಿ', ಪಕ್ಕದಲ್ಲಿ ಸಣ್ಣ 'ಯು'. ಕೊನೆಗೆ 'ನ'. ಒಟ್ಟು ಒಂಬತ್ತು ಗುರುತು. ಕರೆಯುವಾಗ ನೀನು ಮರ್ರಿಕಾರುಜುನ ಆಗುತ್ತೀ!

ಇದು ಆ ಲಿಪಿಯ ದೋಷ ಅಂತ ನನಗೆ ಅನಿಸುವುದಿಲ್ಲ. ಸ-ಕು-ರ, ಕ-ತ-ನ ಅಂತ ಹೆಚ್ಚಿನ ಶಬ್ದಗಳು ಸ್ವರದಲ್ಲೇ ಮುಗಿಯುವ ಭಾಷೆಗೆ ಅದು ಅಳತೆ ಕೊಟ್ಟು ಹೊಲಿಸಿದ ಅಂಗಿ. ಇಂಗ್ಲಿಷಿನ 'ಸ್ಟ್ರೆಂಗ್ತ್' ಅದರಲ್ಲಿ 'ಸುತೊರೆಂಗುಸು' ಆಗುತ್ತದೆ. ವ್ಯಂಜನಗಳು ಹಾಗೆ ಒಂದರ ಮೇಲೊಂದು ಬೀಳುವ ಭಾಷೆಗೆ ರೋಮನ್ ಥರದ ಬಿಡಿ ಅಕ್ಷರಗಳೇ ಸರಿ. ಹೇಗೆ ಬೇಕಾದರೂ ಜೋಡಿಸಬಹುದು, ಒತ್ತು ಬೇಡ. ಆದರೆ ನಿನ್ನ ಪಾಸ್‌ಪೋರ್ಟಿನ ರೋಮನ್ ಹೆಸರು ನೋಡು. ಕ ದೀರ್ಘವೋ ಹ್ರಸ್ವವೋ ಅದರಿಂದ ತಿಳಿಯುವುದಿಲ್ಲ.

ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ನನ್ನ ಹೆಸರು 'ವಿ'ಯಿಂದ ಶುರು. ಜಪಾನಿಯಲ್ಲಿ ಮೂಲತಃ 'ವಿ' ಇಲ್ಲ. ಕೆಲವರು 'ಬಿ' ಬರೆಯುತ್ತಾರೆ, ಕೆಲವರು 'ಉ'ಗೆ ಎರಡು ಚುಕ್ಕೆ ಇಟ್ಟು ಪಕ್ಕದಲ್ಲಿ ಸಣ್ಣ 'ಇ' ಬರೆಯುತ್ತಾರೆ. ನನ್ನ ಆಫೀಸು ಒಂದು ಥರ ಬರೆದಿತ್ತು, ಬ್ಯಾಂಕು ಇನ್ನೊಂದು ಥರ. ಮೊದಲ ತಿಂಗಳ ಸಂಬಳ ವಾಪಸ್ ಹೋಯಿತು. ಬಾಡಿಗೆಗೆ ಗೆಳತಿಯ ಹತ್ತಿರ ಸಾಲ ಮಾಡಿದೆ. ಅದಕ್ಕೇ ಹೇಳುತ್ತಿದ್ದೇನೆ, ಒಂದೇ ಬರವಣಿಗೆ ಗಟ್ಟಿ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಕೊಡು.

ಕತಕಾನ ಆದ ಮೇಲೆ ಹಿರಗಾನ. ಸದ್ದು ಅವೇ, ಆಕಾರ ಬೇರೆ. ಕ್ರಿಯಾಪದದ ಕೊನೆ, ವಿಭಕ್ತಿಯಂಥವು ಅದರಲ್ಲಿ ಬರುತ್ತವೆ.

ಇನ್ನು ಆ ಚಿತ್ರಗಳು, ಕಾಂಜಿ. ದಿನಬಳಕೆಯ ಸರ್ಕಾರಿ ಪಟ್ಟಿಯಲ್ಲಿ 2136 ಇವೆ. ಅವು ಸದ್ದಿಗಿಂತ ಮುಂಚೆ ಅರ್ಥ ಹೇಳುತ್ತವೆ. ನೀನು ಇಂಥದ್ದನ್ನು ದಿನಾ ಓದುತ್ತೀ. ಬೆಳಗಾವಿಯ ಅಂಗಡಿಯಲ್ಲಿ 5 ಅಂತ ಬರೆದಿದ್ದರೆ ನಾವು ಐದು ಅನ್ನುತ್ತೇವೆ, ಮರಾಠಿಯವರು ಪಾಚ್ ಅನ್ನುತ್ತಾರೆ. ಗುರುತು ಒಂದೇ, ಅರ್ಥ ಒಂದೇ, ಸದ್ದು ಬೇರೆ. ಕಾಂಜಿಯೂ ಹಾಗೆ. ಬಾಯಿ ಎಂಬ ಅರ್ಥದ ಪುಟ್ಟ ಚೌಕ 'ದೆಗುಚಿ'ಯಲ್ಲಿ, ಅಂದರೆ ಹೊರಹೋಗುವ ದಾರಿಯಲ್ಲಿ, 'ಗುಚಿ'. ಅದೇ ಚೌಕ 'ಜಿಂಕೋ', ಅಂದರೆ ಜನಸಂಖ್ಯೆಯಲ್ಲಿ, 'ಕೋ'.

ಇಷ್ಟು ಕಷ್ಟ ಯಾಕೆ ಇಟ್ಟುಕೊಂಡಿದ್ದಾರೆ ಅಂತ ನಾನೂ ಕೇಳಿದ್ದೆ. ಜಪಾನಿಯಲ್ಲಿ ಒಂದೇ ಸದ್ದಿನ ಪದಗಳು ಬಹಳ. 'ಹಾಶಿ' ಅಂದರೆ ಸೇತುವೆ, ಊಟದ ಕಡ್ಡಿ, ಅಂಚು ಮೂರೂ ಹೌದು. ಮಾತಿನಲ್ಲಿ ರಾಗ, ಸಂದರ್ಭ ನೋಡಿ ತಿಳಿಯುತ್ತದೆ. ಬರವಣಿಗೆಯಲ್ಲಿ ಕಾಂಜಿ ನೋಡಿದ ಕೂಡಲೇ ತಿಳಿಯುತ್ತದೆ. ಪದಗಳ ನಡುವೆ ಜಾಗವನ್ನೂ ಬಿಡುವುದಿಲ್ಲ, ಹಾಗಾಗಿ ಹೊಸ ಪದ ಎಲ್ಲಿ ಶುರು ಎಂಬುದನ್ನೂ ಹೆಚ್ಚಾಗಿ ಕಾಂಜಿಯೇ ತೋರಿಸುತ್ತದೆ. ಎಲ್ಲವನ್ನೂ ಹಿರಗಾನದಲ್ಲಿ ಬರೆದ ಪುಟ ಕೊಟ್ಟರೆ ಈಗ ನಾನೇ ನಿಧಾನ ಓದುತ್ತೇನೆ.

ಮೊದಲ ತಿಂಗಳಿಗೆ ಬೋರ್ಡಿನ ಕಾಂಜಿ ಸಾಕು: ಒಳಗೆ, ಹೊರಗೆ, ಗಂಡು, ಹೆಣ್ಣು, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಸದ್ದು ಬರದಿದ್ದರೂ ಅರ್ಥ ಗೊತ್ತಾದರೆ ದಾರಿ ಸಿಗುತ್ತದೆ. ನಿನ್ನ ಹೆಸರನ್ನು ಕತಕಾನದಲ್ಲಿ ಬರೆದು ನನಗೊಂದು ಫೋಟೋ ಕಳಿಸು. ಆ ಸಣ್ಣ 'ತ್ಸು' ದೊಡ್ಡದಾಗಿ ಬಿದ್ದರೆ ನೀನು 'ಮತ್ಸುರಿಕಾರುಜುನ' ಆಗಿಬಿಡುತ್ತೀ, ನೋಡಿ ಹೇಳುತ್ತೇನೆ.