ಆ ಒಂದು ‘ಅಣ್ಣ’ ಎಲ್ಲಿ ಬರಬೇಕು?

ಪ್ರಶ್ನೆ: ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ಅದಕ್ಕೂ ಒಂಬತ್ತು ವರ್ಷ ಮೊದಲಿಂದಲೇ ಅಣ್ಣನಿಗೂ ನನಗೂ ಮಾತಿಲ್ಲ. ಅಪ್ಪ ಮನೆಯನ್ನು ನನ್ನ ಹೆಸರಿಗೆ ಬರೆದದ್ದೇ ಕಾರಣ. ಅಂತ್ಯಕ್ರಿಯೆಯ ದಿನ ನಾವಿಬ್ಬರೂ ಆಡಿದ್ದು ನಾಲ್ಕೈದು ಮಾತು. ಅದನ್ನೇ ಎರಡು ಸಾವಿರ ಪದಗಳ ಕಥೆ ಮಾಡಿದೆ. ಓದಿದ ಗೆಳೆಯ ‘ಇದರಲ್ಲಿ ಏನೂ ನಡೆಯೋದೇ ಇಲ್ವಲ್ಲ’ ಅಂದ. ಹಾಗಾಗಿ ಜಗಳವನ್ನೆಲ್ಲ ಅವರ ಬಾಯಲ್ಲಿ ಹೇಳಿಸಿ, ಕೊನೆಗೆ ಇಬ್ಬರೂ ಅಪ್ಪಿಕೊಂಡು ಅಳುವಂತೆ ಬರೆದೆ. ಈಗ ನನಗೇ ಸುಳ್ಳು ಅನ್ನಿಸುತ್ತಿದೆ. ಅಣ್ಣ ಓದಿಬಿಟ್ಟರೆ ಎಂಬ ಅಳುಕು ಬೇರೆ. ಎರಡೂ ಪ್ರತಿ ಕಳಿಸಿದ್ದೇನೆ. ಪತ್ರಿಕೆಗೆ ಕೊಡಲೋ ಬೇಡವೋ?

ಉತ್ತರ: ಈಗಲೇ ಕೊಡಬೇಡಿ. ಅಣ್ಣನ ವಿಷಯ ಆಮೇಲೆ ನೋಡೋಣ, ಮೊದಲು ಕಥೆಯದಾಗಲಿ. ನಿಮ್ಮ ಗೆಳೆಯ ಹೇಳಿದ ಕಾಯಿಲೆ ನಿಜ, ನೀವು ಮಾಡಿದ ಮದ್ದು ತಪ್ಪು. ಮೊದಲ ಪ್ರತಿ ಸಪ್ಪೆಯಾದದ್ದು ಮಾತು ಕಡಿಮೆ ಇದ್ದದ್ದಕ್ಕಲ್ಲ. ಅಣ್ಣ ತಮ್ಮ ಒಂದೇ ಕೋಣೆಯಲ್ಲಿ ಸುಮ್ಮನೆ ನಿಂತಿದ್ದಾರೆ, ಇಬ್ಬರೂ ಸೇರಿ ಮಾಡಲೇಬೇಕಾದ ಒಂದು ಕೆಲಸವೂ ಅಲ್ಲಿಲ್ಲ. ಆ ಖಾಲಿ ಜಾಗಕ್ಕೆ ನೀವು ‘ಮೌನ ಆವರಿಸಿತು’ ಎಂದು ಆರು ಸಲ ಬರೆದಿದ್ದೀರಿ. ಅದು ಮೌನವಲ್ಲ, ಮೌನ ಇದೆ ಎನ್ನುವ ಫಲಕ.

ಎರಡನೇ ಪ್ರತಿಯಲ್ಲಿ ಅಣ್ಣ ಬಾಗಿಲಲ್ಲೇ ಹೇಳುತ್ತಾನೆ: ‘ಒಂಬತ್ತು ವರ್ಷದ ಹಿಂದೆ ಅಪ್ಪ ಮನೇನ ನಿನ್ನ ಹೆಸರಿಗೆ ಬರೆದಾಗಿಂದ ನಾನು ಈ ಹೊಸ್ತಿಲು ತುಳಿದಿಲ್ಲ.’ ಇದು ತಮ್ಮನಿಗೆ ಗೊತ್ತಿಲ್ಲದ ಸಂಗತಿಯೇ? ಇಬ್ಬರಿಗೂ ಗೊತ್ತಿರುವುದನ್ನು ಒಬ್ಬ ಇನ್ನೊಬ್ಬನಿಗೆ ಹೇಳತೊಡಗಿದರೆ ಅವನು ಮಾತಾಡುತ್ತಿರುವುದು ಓದುಗನ ಜೊತೆ. ಓದುಗನಿಗೆ ಅದು ಕೂಡಲೇ ತಿಳಿದುಬಿಡುತ್ತದೆ.

ಹಾಗೆಂದು ಕಾರಣವನ್ನು ಮುಚ್ಚಿಡಲೂಬಾರದು. ಎರಡು ಸಾವಿರ ಪದಗಳ ಕಥೆಯಲ್ಲಿ ಆರುನೂರನೇ ಪದದ ಹೊತ್ತಿಗೆ ಜಗಳ ಯಾವುದರದ್ದು ಎಂದು ತಿಳಿಯದಿದ್ದರೆ ಓದುಗ ಬೇಸತ್ತು ಬಿಡುತ್ತಾನೆ. ಅದನ್ನು ಮೂರನೆಯವರ ಬಾಯಿಗೆ ಕೊಡಿ, ಅದೂ ಏನೂ ತಿಳಿಯದವರಿಗೆ. ನಿಮ್ಮ ಕಥೆಯಲ್ಲಿ ಪಕ್ಕದ ಮನೆಯ ಹೆಂಗಸು ಬಂದು ಸುಮ್ಮನೆ ಕಣ್ಣೊರೆಸಿಕೊಂಡು ಹೋಗುತ್ತಾರೆ. ಅವರು ತಮ್ಮನನ್ನು ‘ನಿಮ್ಮಣ್ಣಂಗೆ ಮಲಗೋಕೆ ಯಾವ ರೂಮು ಕೊಟ್ಟಿದೀರ?’ ಎಂದು ಕೇಳಲಿ. ಅಣ್ಣ ಹುಟ್ಟಿ ಬೆಳೆದ ಮನೆ ಅದು. ಅವನು ಅಲ್ಲೇ ನಿಂತಿದ್ದು ‘ಸಂಜೆಗೇ ಬಸ್ಸಿದೆ’ ಅನ್ನಲಿ. ಮನೆ ಯಾರದಾಯಿತು, ಯಾರು ನೆಂಟರಾದರು, ಎರಡೂ ಎರಡೇ ಸಾಲಿನಲ್ಲಿ ಬಂದವು.

ಈಗ ಕೆಲಸ. ನಿಮ್ಮ ಮೊದಲ ಪ್ರತಿಯಲ್ಲಿ ಕಿಟಕಿಯ ಮೇಲೆ ಅಪ್ಪನ ಕನ್ನಡಕ ಇದೆ, ಒಂದು ಕಡ್ಡಿಗೆ ದಾರ ಸುತ್ತಿದೆ. ಒಳ್ಳೆಯ ವಸ್ತು. ಆದರೆ ನೀವು ಅದನ್ನು ವರ್ಣಿಸಿ ಅಲ್ಲೇ ಬಿಟ್ಟಿರಿ. ಅದನ್ನು ಎತ್ತಿಡುವ ಕೆಲಸ ಇಬ್ಬರ ನಡುವೆ ಬರಲಿ:

‘ಇದನ್ನ ಎಲ್ಲಿಡ್ಬೇಕು?’ ಅಂದೆ.
‘ಹಳೇದಾ?’
‘ಎರಡು ವರ್ಷ ಆಯ್ತು.’
ಅವನು ಅದನ್ನು ಹಾಕಿಕೊಂಡು ಕಿಟಕಿಯಾಚೆ ನೋಡಿದ. ತೆಗೆದ.
‘ಇಷ್ಟು ಪವರ್ ಇತ್ತಾ?’
‘ಆಪರೇಷನ್ ಆಗ್ಬೇಕಿತ್ತು, ಒಂದು ಕಣ್ಣಿಗೆ.’
‘ಯಾವ ಕಣ್ಣು?’
ಹೊರಗೆ ಯಾರೋ ನನ್ನನ್ನು ಕರೆದರು.

ಅಪ್ಪನ ಯಾವ ಕಣ್ಣಿಗೆ ತೊಂದರೆಯಿತ್ತೆಂದು ಹಿರಿಮಗನಿಗೆ ಗೊತ್ತಿಲ್ಲ. ಒಂಬತ್ತು ವರ್ಷ ಎಂಬ ಲೆಕ್ಕವನ್ನು ಇನ್ನು ಬಾಯಿಬಿಟ್ಟು ಹೇಳಬೇಕಿಲ್ಲ.

ಈ ಆರು ಮಾತುಗಳಲ್ಲಿ ಇನ್ನೊಂದನ್ನು ಗಮನಿಸಿ. ಯಾರೂ ಯಾರನ್ನೂ ಕರೆದಿಲ್ಲ. ‘ನೀನು’ ಇಲ್ಲ, ‘ಅಣ್ಣ’ ಇಲ್ಲ, ಕ್ರಿಯಾಪದದಲ್ಲೂ ಎದುರಿನವನ ಸುಳಿವಿಲ್ಲ. ಕನ್ನಡದಲ್ಲಿ ‘ಇಡ್ತೀಯಾ’ ಅಂದರೆ ಸಲಿಗೆ, ‘ಇಡ್ತೀರಾ’ ಅಂದರೆ ದೂರ. ಬಾಯಿ ತೆರೆದ ಕೂಡಲೇ ಸಂಬಂಧ ಗೊತ್ತಾಗುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮುನಿದವರು ಬೇಕು, ಬೇಡ, ಸಾಕು, ಆಯ್ತು, ಇದೆ, ಇಲ್ಲ ಎಂಬ ಮಾತುಗಳ ಹಿಂದೆ ಅಡಗುತ್ತಾರೆ. ‘ಊಟ ಮಾಡ್ತೀಯಾ’ ಅನ್ನುವ ಬದಲು ‘ಊಟ ಆಗ್ಬೇಕಲ್ಲ’ ಅಂತ ಗೋಡೆಗೆ ಹೇಳುತ್ತಾರೆ. ಮುನಿಸಿರುವ ಯಾವ ಮನೆಗೆ ಹೋದರೂ ಈ ವ್ಯಾಕರಣ ಕೇಳಿಸುತ್ತದೆ. ಇಡೀ ಕಥೆಯನ್ನು ಹೀಗೇ ನಡೆಸಿ.

ಆಗ ‘ಅಣ್ಣ’ ಎಂಬ ಪದಕ್ಕೆ ಬೆಲೆ ಬರುತ್ತದೆ. ತಮ್ಮನ ಬಾಯಲ್ಲಿ ಅದು ಒಂದೇ ಸಲ ಬರಲಿ, ಸುಮಾರು ಮುಕ್ಕಾಲು ಕಥೆ ಮುಗಿದಾಗ. ಅಣ್ಣನ ಮುಖ ನೋಡಿಕೊಂಡು ಬೇಡ. ಕುರ್ಚಿ ಹೊತ್ತು ತರುವ ಹುಡುಗನಿಗೆ ‘ಅಣ್ಣಂಗೊಂದು ಹಾಕಪ್ಪ’ ಎಂದು ಹೇಳುವಾಗ ಬರಲಿ. ಅಣ್ಣನಿಗೆ ಕೇಳಿಸುತ್ತದೆ. ಅವನು ಕೂರುತ್ತಾನೆ, ಅಷ್ಟೇ. ಅಲ್ಲಿ ನಿಮ್ಮ ಕೈ ‘ಅವನ ಕಣ್ಣು ತೇವವಾದವು’ ಎಂದು ಬರೆಯಲು ತುರಿಸುತ್ತದೆ, ಬರೆಯಬೇಡಿ.

ಇನ್ನೊಂದು ತಪ್ಪು ಎರಡೂ ಪ್ರತಿಯಲ್ಲಿದೆ. ನಡುವೆ ಒಂದು ಪ್ಯಾರಾ ಅಣ್ಣನ ಮನಸ್ಸಿನೊಳಗೆ ಹೋಗಿ ಬಂದಿದ್ದೀರಿ. ಅವನು ಏನು ಯೋಚಿಸುತ್ತಿದ್ದಾನೆ ಎಂದು ತಿಳಿದ ಮೇಲೆ ಅವನು ಮಾತಾಡಿದರೇನು, ಬಿಟ್ಟರೇನು? ತಮ್ಮನಿಗೆ ಕಂಡದ್ದು, ಕೇಳಿದ್ದು ಮಾತ್ರ ಇರಲಿ. ಆ ಪ್ಯಾರಾ ನೀವು ತುಂಬ ಪ್ರೀತಿಯಿಂದ ಬರೆದದ್ದು ಎಂದು ಗೊತ್ತಾಗುತ್ತದೆ, ಆದರೂ ತೆಗೆಯಿರಿ.

ತಿದ್ದಿದ ಮೇಲೆ ಪರೀಕ್ಷೆ ಸುಲಭ. ಸಂಭಾಷಣೆಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ, ಕಥೆ ಓದದ ಒಬ್ಬರಿಗೆ ಕೊಡಿ. ಅವರಿಗೆ ಜಗಳ ಪೂರ್ತಿ ಅರ್ಥವಾದರೆ ಮಾತು ಹೆಚ್ಚಾಗಿದೆ. ಆಮೇಲೆ ಇನ್ನೊಬ್ಬರಿಗೆ ಇಡೀ ಕಥೆ ಕೊಡಿ. ಇಬ್ಬರ ನಡುವೆ ಏನಾಗಿತ್ತು ಎಂದು ಅವರು ನಿಮ್ಮನ್ನೇ ಕೇಳಿದರೆ, ಪಕ್ಕದ ಮನೆಯವರ ಪ್ರಶ್ನೆ ಇನ್ನೂ ಮೇಲೆ ಬರಬೇಕು.

ಅಪ್ಪುಗೆ ಖಂಡಿತ ಬೇಡ. ಕನ್ನಡಕದ ಹತ್ತಿರ ಒಂದು ಪ್ರಶ್ನೆ ಉತ್ತರ ಸಿಗದೆ ಉಳಿದಿದೆಯಲ್ಲ, ನಿಮ್ಮ ಕೊನೆ ಅಲ್ಲಿದೆ. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋಗಿದ್ದಾನೆ. ತಮ್ಮ ಹಿಂದಿನಿಂದ ‘ಎಡಗಣ್ಣು’ ಅನ್ನುತ್ತಾನೆ. ಅಣ್ಣ ಗೇಟಿನ ಚಿಲಕ ಹಾಕುತ್ತಾನೆ. ಚಿಲಕ ಹಾಕುವಾಗ ಅವನು ಇತ್ತ ತಿರುಗಲೇಬೇಕಾಗುತ್ತದೆ, ಅಷ್ಟು ಸಾಕು.

ಇನ್ನು ನಿಮ್ಮ ಅಣ್ಣನ ವಿಷಯ. ಹೆಸರು, ಊರು, ಕೆಲಸ ಬದಲಿಸಿದರೆ ಪರರಿಗೆ ಗುರುತು ಸಿಗದು, ಆದರೆ ಅವರಿಗೆ ಮೊದಲ ಪುಟದಲ್ಲೇ ಸಿಗುತ್ತದೆ. ಅವರನ್ನು ನೋಯಿಸುವುದು ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿ, ಉದಾಹರಣೆಗೆ ಎರಡನೇ ಪ್ರತಿಯಲ್ಲಿರುವ ಸಾಲದ ಮಾತು. ಕಥೆಗೆ ಅದರ ಅಗತ್ಯವೂ ಇಲ್ಲ, ತೆಗೆದುಹಾಕಿ. ಅಚ್ಚಾಗುವ ಮೊದಲು ಒಂದು ಪ್ರತಿ ಅವರಿಗೆ ಕಳಿಸಿ, ‘ಇದು ಪತ್ರಿಕೆಗೆ ಹೋಗುತ್ತಿದೆ’ ಎಂಬ ಒಂದು ಸಾಲಿನೊಂದಿಗೆ. ಆದರೆ ರಾಜಿಯ ಓಲೆಯಾಗಿ ಕಥೆಯನ್ನು ಕಳಿಸಬೇಡಿ. ಅವರು ಅದನ್ನು ಯಾವುದು ನಿಜ, ಯಾವುದು ಸುಳ್ಳು ಎಂದು ತಾಳೆ ನೋಡುತ್ತಾ ಓದುತ್ತಾರೆ, ನೀವು ಹೇಳಬೇಕೆಂದದ್ದು ಅವರಿಗೆ ಮುಟ್ಟುವುದಿಲ್ಲ. ಮಾತಾಡಬೇಕು ಅನ್ನಿಸಿದರೆ ಫೋನ್ ಮಾಡಿ, ಅದೂ ಕಥೆ ಕಳಿಸುವ ಮೊದಲು.