ಸುವರ್ಣ ನಿಯಮ: ನನಗೆ ಹಿತವಾದದ್ದು ಅವರಿಗೂ ಹಿತವೇ?

‘ಕಾಯಿಲೆಯಾದಾಗ ನನಗೆ ಪಕ್ಕದಲ್ಲಿ ಜನ ಬೇಕು. ಹಾಗಾಗಿ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದ ಗೆಳತಿಯ ಬಳಿ ದಿನವಿಡೀ ಕೂತು ಮಾತಾಡಿಸಿದೆ. ನಾಲ್ಕನೇ ದಿನ ಅವಳು ಸಿಡುಕಿದಳು. ‘ನಿನಗೆ ಬೇಕಾದ್ದನ್ನೇ ಇತರರಿಗೂ ಮಾಡು’ ಎನ್ನುವ ನಿಯಮವೇ ತಪ್ಪೇ?’

ನಿಯಮ ತಪ್ಪಲ್ಲ, ನೀವು ಅದನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಇಂಥ ಪತ್ರಗಳಿಗೆ ಕೆಲವರು ಸಿದ್ಧ ಉತ್ತರವೊಂದನ್ನು ಕೊಡುತ್ತಾರೆ: ಮತ್ತಾಯನ ಸುವಾರ್ತೆಯ ‘ಮಾಡು’ ಎಂಬ ವಿಧಿಯನ್ನು ಬಿಟ್ಟು, ಕನ್‌ಫ್ಯೂಷಿಯಸ್, ಯೆಹೂದಿ ಗುರು ಹಿಲ್ಲೆಲ್ ಮತ್ತು ಮಹಾಭಾರತದ ಅನುಶಾಸನ ಪರ್ವ ಹೇಳುವ ‘ನಿನಗೆ ಒಗ್ಗದ್ದನ್ನು ಇತರರಿಗೆ ಮಾಡಬೇಡ’ ಎಂಬ ನಿಷೇಧವನ್ನು ಹಿಡಿದರೆ ಸಮಸ್ಯೆ ತೀರುತ್ತದೆ ಎಂದು. ತೀರುವುದಿಲ್ಲ. ಒಂಟಿಯಾಗಿ ಬಿಟ್ಟರೆ ನಿಮಗೆ ಒಗ್ಗದು. ಆದ್ದರಿಂದ ನೀವು ಗೆಳತಿಯನ್ನೂ ಒಂಟಿಯಾಗಿ ಬಿಡುತ್ತಿರಲಿಲ್ಲ. ವಾಕ್ಯ ತಿರುಗಿತೇ ಹೊರತು ಅಳತೆಗೋಲು ನಿಮ್ಮ ರುಚಿಯೇ ಆಗಿ ಉಳಿಯಿತು.

ದಾರಿ ಬೇರೆ ಕಡೆ ಇದೆ. ತತ್ತ್ವಶಾಸ್ತ್ರಜ್ಞ ಮಾರ್ಕಸ್ ಸಿಂಗರ್ 1963ರಲ್ಲಿ ಬರೆದ ಲೇಖನವೊಂದರಲ್ಲಿ ಈ ನಿಯಮಕ್ಕೆ ಎರಡು ಓದುಗಳಿವೆ ಎಂದು ತೋರಿಸಿದರು. ನನಗೆ ಬೇಕಾದ ಆ ನಿರ್ದಿಷ್ಟ ವಸ್ತುವನ್ನೇ ಇತರರಿಗೂ ಕೊಡುವುದು ಒಂದು ಓದು. ಇತರರು ನನ್ನ ಬೇಕು-ಬೇಡಗಳನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಬಯಸುತ್ತೇನೋ ಹಾಗೆಯೇ ಅವರದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇನ್ನೊಂದು. ನಿಮ್ಮ ಸಂದರ್ಭವನ್ನೇ ತಿರುಗಿಸಿ ನೋಡಿ. ನೀವು ಮಲಗಿದ್ದೀರಿ, ಮೌನವನ್ನು ಇಷ್ಟಪಡುವ ಗೆಳತಿ ಬಂದು, ತನಗೆ ಹಿತವಾದದ್ದು ನಿಮಗೂ ಹಿತವೆಂದು ಬಾಗಿಲು ಮುಚ್ಚಿ ಹೊರಟುಹೋಗುತ್ತಾಳೆ. ಆಗ ನಿಮಗೆ ಅನಿಸುವುದು ‘ಒಂದು ಮಾತು ಕೇಳಬಾರದಿತ್ತೇ’ ಎಂದೇ. ನಿಯಮ ನಿಮ್ಮಿಂದ ಬಯಸಿದ್ದು ಆ ಕೇಳುವಿಕೆಯನ್ನು. ಕೇಳಲು ಆಗದಿದ್ದರೆ ಗುರುತುಗಳಿರುತ್ತವೆ: ಉತ್ತರಗಳು ಒಂದೊಂದೇ ಪದಕ್ಕೆ ಇಳಿಯುತ್ತವೆ, ಮಾತಿನ ನಡುವೆ ಕಣ್ಣು ಮುಚ್ಚುತ್ತದೆ. ಮೊದಲ ದಿನವೇ ಅವು ಕಂಡಿರುತ್ತವೆ ಎಂದು ನಾನು ಊಹಿಸುತ್ತೇನೆ.

ಹಾಗೆಂದು ‘ಅವರು ಬಯಸಿದ್ದನ್ನೆಲ್ಲ ಮಾಡು’ ಎಂಬುದನ್ನು ಸುವರ್ಣಕ್ಕಿಂತ ಮೇಲಾದ ‘ಪ್ಲಾಟಿನಂ ನಿಯಮ’ವೆಂದು ಮಾರುವ ತರಬೇತುದಾರರನ್ನು ದಯವಿಟ್ಟು ನಂಬಬೇಡಿ. ನೋವು ತಾಳದೆ ಗೆಳತಿ ವೈದ್ಯರು ಹೇಳಿದ್ದರ ಎರಡು ಪಟ್ಟು ಮಾತ್ರೆ ಕೇಳಿದರೆ ಕೊಡುತ್ತೀರಾ? ಬಯಕೆ ಬೇರೆ, ಅಗತ್ಯ ಬೇರೆ. ಅಲ್ಲದೆ ಎದುರಿಗಿರುವವರೊಬ್ಬರ ಇಷ್ಟವೇ ಕೊನೆಯ ಮಾತಾಗಲಾರದು: ‘ನಿನಗೆ ಒಗ್ಗದ್ದನ್ನು ಇತರರಿಗೆ ಮಾಡಬೇಡ’ ಎಂಬ ನಿಷೇಧವನ್ನೇ ಹಿಡಿದು ಅಪರಾಧಿ ನ್ಯಾಯಾಧೀಶರ ಎದುರು ಶಿಕ್ಷೆ ಬೇಡವೆನ್ನಬಹುದೆಂದು ತತ್ತ್ವಶಾಸ್ತ್ರಜ್ಞ ಕಾಂಟ್ 1785ರಲ್ಲೇ ಎಚ್ಚರಿಸಿದ್ದರು. ಮಾತ್ರೆಯ ವಿಷಯದಲ್ಲಿ ನಾನಂತೂ ಸಿಡುಕನ್ನು ಸಹಿಸಿಕೊಂಡು ವೈದ್ಯರನ್ನು ಕರೆಯುತ್ತೇನೆ.

‘ಎಲ್ಲ ಧರ್ಮಗಳ ಸಾರ ಇದೊಂದೇ ಅಲ್ಲವೇ?’

ಅಲ್ಲ, ಒಂದು ವಾಕ್ಯ ಹೋಲುತ್ತದೆ ಎಂದಮಾತ್ರಕ್ಕೆ ಸಾರ ಒಂದಾಗದು.

‘ಅವರು ನನಗೆ ಮಾಡಿದ್ದನ್ನೇ ನಾನೂ ಅವರಿಗೆ ಮಾಡಬಹುದೇ?’

ಅದು ಸೇಡು, ಈ ನಿಯಮಕ್ಕೂ ಅದಕ್ಕೂ ಸಂಬಂಧವಿಲ್ಲ.